ಅಪ್‌ಡೇಟ್: ಹೀಪ್ ಸಾರ್ಟ್‌ನಲ್ಲಿ ಸಮ ಬೆಲೆಗಳ ಕ್ರಮ ತಪ್ಪುತ್ತಿದ್ದದ್ದು

ನಾನು ಕೇಳಿದ್ದು: "ಹೀಪ್ ಸಾರ್ಟ್ ಸರಿಯಾಗಿಯೇ ಜೋಡಿಸುತ್ತದೆ, ಆದರೆ ಒಂದೇ ಬೆಲೆ ಇರುವವು ಮೊದಲಿದ್ದ ಕ್ರಮದಲ್ಲಿ ಬರುತ್ತಿಲ್ಲ. ನನ್ನ ಕೋಡ್‌ನಲ್ಲಿ ತಪ್ಪಿದೆಯಾ?"

ಕೋಡ್‌ನಲ್ಲಿ ತಪ್ಪಿರಲಿಲ್ಲ. ಚಿಕ್ಕ ಅರೇ ತಗೊಂಡು ಕೈಯಲ್ಲೇ ಬರೆದು ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಮೂರೇ ಅಂಶ ಸಾಕಾಯಿತು. a, b ಎಂಬುದು ಸಮ ಬೆಲೆಗಳು ಮೊದಲಿದ್ದ ಕ್ರಮದ ಗುರುತು, `|` ಗೆರೆಯ ಬಲಕ್ಕಿರುವುದು ಜೋಡಿಸಿ ಮುಗಿದ ಭಾಗ:

```
3a 3b 1
1 3b | 3a
3b 1 | 3a
1 | 3b 3a
```

ಮೊದಲ ಸಾಲು ಆಗಲೇ ಮ್ಯಾಕ್ಸ್ ಹೀಪ್ ಆಗಿದೆ. ಹಾಗಾಗಿ ಬೇರಿನಲ್ಲಿರುವ `3a` ನೇರವಾಗಿ ಕೊನೆಯ ಜಾಗಕ್ಕೆ ಹೋಗುತ್ತದೆ. ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. `3b` ಅದರ ಮುಂದೆಯೇ ಕೂರಬೇಕು, ಬೇರೆ ದಾರಿಯಿಲ್ಲ. ದೂರದ ಎರಡು ಜಾಗಗಳನ್ನು ಅದಲುಬದಲು ಮಾಡುವಾಗ ನಡುವೆ ಇರುವ ಸಮ ಬೆಲೆಯನ್ನು ಹೀಪ್ ನೋಡುವುದೇ ಇಲ್ಲ ಅಲ್ವಾ, ಕಾರಣ ಅದೇ.

ಹೋಲಿಕೆಗಳಲ್ಲಿ `>` ಬದಲು `>=` ಹಾಕಿ ಎಂಬ ಸಲಹೆ ಕೈಕೊಟ್ಟಿತು. ಮೇಲಿನ ಅರೇಗೆ ಸರಿಯಾದ ಉತ್ತರವೇ ಬಂತು, ನಾನೂ ನಂಬಿಬಿಟ್ಟಿದ್ದೆ. ನಾಲ್ಕು ಸಮ ಬೆಲೆ ಕೊಟ್ಟಾಗ ಮೂರನೆಯದು ಕೊನೆಗೆ ಹೋಯಿತು.

ಕೆಲಸ ಮಾಡಿದ್ದು ಪ್ರತಿ ಅಂಶದ ಜೊತೆ ಅದರ ಮೂಲ ಸೂಚ್ಯಂಕ ಇಟ್ಟುಕೊಳ್ಳುವ ಸಲಹೆ. ಬೆಲೆ ಸಮವಾದರೆ ಸೂಚ್ಯಂಕ ಹೋಲಿಸುತ್ತೇನೆ. ಆಗ ಯಾವ ಎರಡೂ ಸಮ ಆಗುವುದಿಲ್ಲ. ಆದರೆ n ಅಂಶಕ್ಕೆ n ಸೂಚ್ಯಂಕ ಬೇಕು, ಹೆಚ್ಚುವರಿ ಜಾಗ ಬೇಡ ಎಂಬ ಹೀಪ್ ಸಾರ್ಟ್‌ನ ಅನುಕೂಲ ಹೋಗುತ್ತದೆ. ಅಷ್ಟು ಜಾಗ ಕೊಡುವುದಾದರೆ ಮರ್ಜ್ ಸಾರ್ಟ್ ಸುಲಭ, ನಾನು ಅದಕ್ಕೇ ಬದಲಾಯಿಸಿದೆ.

ಆಶ್ಚರ್ಯ ಆಗಿದ್ದು ಇದು: `5a 5b 5c` ಕೊಟ್ಟರೆ `>` ಇರುವ ಕೋಡ್ `5b 5c 5a` ಕೊಡುತ್ತದೆ. ಸುಮ್ನೆ ತಿರುಗಿಸಿ ಸರಿಮಾಡೋಣ ಅಂದರೂ ಆಗದು.