ಸಹಾಯ ಬೇಕು: ಕುಂಡದ ಕರಿಬೇವಿನ ಹೊಸ ಎಲೆಗಳು ಹಳದಿಯಾಗುತ್ತಿವೆ

ನಮಸ್ಕಾರ. ಬೆಂಗಳೂರಿನ ನಮ್ಮ ತಾರಸಿಯಲ್ಲಿ 14 ಅಂಗುಲದ ಕುಂಡದಲ್ಲಿರುವ ಮೂರು ವರ್ಷದ ಕರಿಬೇವಿನ ಗಿಡದ ಎಲೆಗಳು ಒಂದು ತಿಂಗಳಿಂದ ಹಳದಿಯಾಗುತ್ತಿದ್ದು, ಕಾರಣವನ್ನು ಗುರುತಿಸಲು ತಮ್ಮ ಸಹಾಯ ಬೇಕಾಗಿದೆ.

ಹಳದಿಯಾಗಿರುವುದು ತುದಿಯ ಹೊಸ ಎಲೆಗಳು ಮಾತ್ರ. ಅವುಗಳ ನರಗಳು ಹಸಿರಾಗಿಯೇ ಉಳಿದಿವೆ. ಸಾರಜನಕದ ಕೊರತೆಯಿದ್ದರೆ ಮೊದಲು ಕೆಳಗಿನ ಹಳೆಯ ಎಲೆಗಳು ಇಡಿಯಾಗಿ ಬಿಳಿಚಿಕೊಳ್ಳಬೇಕಿತ್ತು, ಆದರೆ ಅವು ಚೆನ್ನಾಗಿಯೇ ಇರುವುದರಿಂದ ಇದು ಕಬ್ಬಿಣದ ಕೊರತೆಯೆಂದು ನನ್ನ ಊಹೆ. ನಾವು ಹಾಕುವುದು ಗಡಸಾದ ಬೋರ್‌ವೆಲ್ ನೀರು. ಕುಂಡದ ಅಂಚಿನಲ್ಲಿ ಬಿಳಿಯ ಪದರ ಕಟ್ಟಿರುವುದನ್ನು ನೋಡಿದರೆ ಮಣ್ಣು ಕ್ಷಾರವಾಗಿ, ಇರುವ ಕಬ್ಬಿಣವೂ ಗಿಡಕ್ಕೆ ಸಿಗುತ್ತಿಲ್ಲವೆನಿಸುತ್ತದೆ. ಎಲೆಗಳ ಅಡಿಭಾಗವನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿದೆ. ನುಸಿಯ ಬಲೆಯಾಗಲಿ, ರಸ ಹೀರಿದ ಸಣ್ಣ ಚುಕ್ಕೆಗಳಾಗಲಿ, ಅಂಟಾಗಲಿ ಕಾಣಲಿಲ್ಲ.

ನನ್ನ ಗೊಂದಲವಿರುವುದು ನೀರಿನ ವಿಷಯದಲ್ಲಿ. ನೀರು ಹಾಕಿದ ನಾಲ್ಕನೆಯ ದಿನವೂ ಎರಡು ಅಂಗುಲ ಆಳದಲ್ಲಿ ಮಣ್ಣು ಬೆರಳಿಗೆ ಅಂಟುವಷ್ಟು ಒದ್ದೆಯಾಗಿರುತ್ತದೆ. ಬೇರು ಉಸಿರುಗಟ್ಟಿದ್ದರೂ ಕಬ್ಬಿಣವನ್ನು ಹೀರಲಾರದೆ ಇದೇ ಲಕ್ಷಣ ತೋರಬಹುದಲ್ಲವೇ? ಹಾಗಿದ್ದಲ್ಲಿ ಚಿಲೇಟೆಡ್ ಕಬ್ಬಿಣವನ್ನು ಎಲೆಗಳಿಗೆ ಸಿಂಪಡಿಸುವ ಮೊದಲು ಗಿಡವನ್ನು ಕುಂಡದಿಂದ ಹೊರತೆಗೆದು, ಬೇರು ಗಟ್ಟಿಯಾಗಿದೆಯೋ ಅಥವಾ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿದೆಯೋ ಎಂದು ನೋಡಬೇಕೇ, ಇಲ್ಲವೇ ಮಣ್ಣು ಒಣಗುವವರೆಗೆ ನೀರು ನಿಲ್ಲಿಸಿ ಮುಂದಿನ ಚಿಗುರಿನ ಬಣ್ಣಕ್ಕಾಗಿ ಕಾಯುವುದು ಸಾಕೇ? ನಮ್ಮ ಅತ್ತೆಯವರು ಹುಳಿಮಜ್ಜಿಗೆ ಹಾಕಬೇಕೆನ್ನುತ್ತಾರೆ. ಮೊದಲೇ ಒದ್ದೆಯಾಗಿರುವ ಮಣ್ಣಿಗೆ ಅದನ್ನೂ ಸುರಿಯಲು ನನಗೆ ಧೈರ್ಯವಾಗುತ್ತಿಲ್ಲ. ಇದೇ ಲಕ್ಷಣವನ್ನು ಕಂಡವರು ದಯವಿಟ್ಟು ತಿಳಿಸಿ.