ಸಹಾಯ ಬೇಕು: ಸ್ಕ್ರ್ಯಾಬಲ್‌ನಲ್ಲಿ ಬ್ಲ್ಯಾಂಕ್ ಟೈಲನ್ನು ಎಲ್ಲಿಯವರೆಗೆ ಹಿಡಿದಿಟ್ಟುಕೊಳ್ಳಬೇಕು?

ಎಲ್ಲರಿಗೂ ನಮಸ್ಕಾರ. ಮೊನ್ನೆಯ ಆಟದ ಒಂದು ಸಂದರ್ಭ ಹೇಳುತ್ತೇನೆ. ನನ್ನ ಕೈಯಲ್ಲಿ ಎ, ಇ, ಆರ್, ಟಿ, ಎರಡು ವಿ, ಜೊತೆಗೆ ಒಂದು ಬ್ಲ್ಯಾಂಕ್ ಇತ್ತು. ಬ್ಲ್ಯಾಂಕನ್ನು ಎಸ್ ಮಾಡಿ ಟ್ರಿಪಲ್ ವರ್ಡ್ ಮನೆಯ ಮೇಲೆ 'ಅವರ್ಟ್ಸ್' ಇಟ್ಟರೆ 24 ಅಂಕ. ಇಲ್ಲವೇ ಎರಡೂ ವಿ ಬದಲಾಯಿಸಿ, ಆ ಸರದಿಯಲ್ಲಿ ಸೊನ್ನೆ ತೆಗೆದುಕೊಂಡು, ಏಳೂ ಟೈಲ್ ಒಟ್ಟಿಗೆ ಇಟ್ಟರೆ ಸಿಗುವ 50 ಅಂಕದ ಬೋನಸ್‌ಗೆ ಕಾಯಬೇಕು.

ನನಗೆ ಕಾಯುವುದೇ ಸರಿ ಅನಿಸುತ್ತದೆ. ಎ, ಇ, ಆರ್, ಟಿ ಎಷ್ಟೋ ಪದಗಳಿಗೆ ಹೊಂದುತ್ತವೆ. ಚೀಲದಿಂದ ಸಿ, ಎಚ್ ಬಂದರೂ ಸಾಕು: ಬ್ಲ್ಯಾಂಕ್ ಪಿ ಆದರೆ 'ಚಾಪ್ಟರ್', ಇ ಆದರೆ 'ಟೀಚರ್', ಆರ್ ಆದರೆ 'ಚಾರ್ಟರ್'. ಎಲ್ಲವೂ ಏಳಕ್ಷರ! ಸುಮ್ನೆ ಎಸ್ ಅಂತ ಮಾತ್ರ ಯೋಚಿಸಿದರೆ ಇವು ಕಾಣೋದೇ ಇಲ್ಲ, ಅಲ್ವಾ?

ಆದರೆ ಬೋರ್ಡ್ ಬಿಗಿಯಾಗಿದ್ದರೆ ಏಳಕ್ಷರಕ್ಕೆ ಜಾಗವೇ ಇರುವುದಿಲ್ಲ. ಚೀಲದಲ್ಲಿ ಏಳಕ್ಕಿಂತ ಕಡಿಮೆ ಟೈಲ್ ಉಳಿದರೆ ಬದಲಾಯಿಸಲೂ ಆಗುವುದಿಲ್ಲ. ಕೊನೆಗೆ ಕೈಯಲ್ಲುಳಿದ ಬ್ಲ್ಯಾಂಕ್‌ಗೆ ಅಂಕವೂ ಇಲ್ಲ.

ಅನುಭವ ಇರುವವರು ಹೇಳಿ: ಚೀಲದಲ್ಲಿ ಎಷ್ಟು ಟೈಲ್ ಇರುವಾಗ ಕಾಯುವುದನ್ನು ಬಿಡುತ್ತೀರಿ? ಬ್ಲ್ಯಾಂಕ್‌ಗೆ ಅಕ್ಷರ ಹುಡುಕುವಾಗ ಎ ಇಂದ ಜೆಡ್‌ವರೆಗೆ ಒಂದೊಂದಾಗಿ ನೋಡುತ್ತೀರಾ, ಅಥವಾ ಮೊದಲು '-ಇಂಗ್', '-ಇಆರ್' ತರಹದ ಕೊನೆಗಳನ್ನು ಜೋಡಿಸುತ್ತೀರಾ?