ನಿವೃತ್ತಿ ಸಮಾರಂಭ: ಫೋಟೋ ಸ್ಲೈಡ್ ಶೋ ಶುರುವಾಗುವ ಮುಂಚೆ ಏನು ಮಾತಾಡಬೇಕು?

ಪ್ರಶ್ನೆ: ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಮುಂದಿನ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ಕೆಲಸದ ದಿನಗಳ ಫೋಟೋ ಸೇರಿಸಿ ಸ್ಲೈಡ್ ಶೋ ಮಾಡುತ್ತಿದ್ದೇವೆ. ಅದಕ್ಕೆ ಮುಂಚೆ ನಾನು ನಾಲ್ಕು ಮಾತಾಡಬೇಕಂತೆ. ಅವರ ಜೊತೆ ಕೆಲಸ ಮಾಡಿದ್ದು ಮೂರೇ ವರ್ಷ. ಏನು ಹೇಳಲಿ, ಎಷ್ಟು ಹೇಳಲಿ? ಮಾಡಿದವರು ನಿಮ್ಮ ಅನುಭವ ಹೇಳಿ.

ಗಣಿತ ಮೇಷ್ಟ್ರು: ಮುಂಚೆ ಭಾಷಣವೇ ಬೇಡ. ಫೋಟೋ ಒಂದೊಂದಾಗಿ ಬರಲಿ, ನೀವು ಮೈಕ್ ಹಿಡಿದು ಪಕ್ಕದಲ್ಲಿ ನಿಂತು ಹೇಳುತ್ತಾ ಹೋಗಿ. ನಮ್ಮ ಹೆಡ್‌ಮೇಷ್ಟ್ರು ನಿವೃತ್ತರಾದಾಗ ನಾನು ಮಾಡಿದ್ದು ಹಾಗೆಯೇ. ಮೊದಲನೆಯದು ಕಪ್ಪು ಬಿಳುಪಿನ ಗುಂಪು ಫೋಟೋ. ಅದರಲ್ಲಿ ಅವರು ಯಾರು ಅಂತ ಹೊಸ ಟೀಚರ್‌ಗಳಿಗೆ ಗೊತ್ತೇ ಆಗಲಿಲ್ಲ. "ಹಿಂದಿನ ಸಾಲು, ಎಡಗಡೆಯಿಂದ ಎರಡನೆಯವರನ್ನು ನೋಡಿ" ಅಂದೆ. ಸಭೆಯೆಲ್ಲ ಹೋ ಅಂದಿತು. ಆ ಖುಷಿ ಮೊದಲೇ ಮಾತಾಡಿ ಮುಗಿಸಿದರೆ ಸಿಗುತ್ತಾ?

ಇದಕ್ಕೆ ನಾನು ಪಟ್ಟ ಪಾಡು ಕಡಿಮೆಯಲ್ಲ. ಆ ಫೋಟೋದಲ್ಲಿ ಇರುವವರ ಹೆಸರು ಕೇಳಿಕೊಂಡು ಹಳಬರ ಮನೆ ಮನೆಗೆ ಹೋದೆ. ಒಬ್ಬರು ಒಂದು ಹೆಸರು ಹೇಳಿದರು, ಅದೇ ಮುಖಕ್ಕೆ ಇನ್ನೊಬ್ಬರು ಇನ್ನೊಂದು ಹೆಸರು ಹೇಳಿದರು. ಕೊನೆಗೆ ಯಾರದೋ ಆಲ್ಬಮ್ಮಿನಲ್ಲಿ ಇದ್ದ ಇನ್ನೊಂದು ಪ್ರತಿಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದ ಹೆಸರುಗಳು ಸಿಕ್ಕವು. ಅಷ್ಟೆಲ್ಲ ಮಾಡಿದ ಮೇಲೆ ಫೋಟೋ ಬರುವಾಗ ಬಾಯಿ ಮುಚ್ಚಿಕೊಂಡು ಕೂರಬೇಕಾ?

ಸ್ಟೋರ್ಸ್ ಮೇಡಂ: ಮೇಷ್ಟ್ರೇ, ನಿಮ್ಮ ಶ್ರಮಕ್ಕೆ ಗೌರವ ಇದೆ. ಆದರೆ ಈ ಸಲಹೆ ಬೇರೆಯವರಿಗೆ ಕೊಡಬೇಡಿ. ನಮ್ಮಲ್ಲಿ ಒಬ್ಬರು ಹೀಗೇ ಮೈಕ್ ಹಿಡಿದು ನಿಂತರು. ಅರವತ್ತು ಫೋಟೋ, ತಲಾ ಆರು ಸೆಕೆಂಡ್ ಅಂದರೆ ಆರೇ ನಿಮಿಷ. ಅವರು ಒಂದೊಂದಕ್ಕೂ ಅರ್ಧ ನಿಮಿಷ ಮಾತಾಡಿದರು. ಅರ್ಧ ಗಂಟೆ! ಕೊನೆಯ ಇಪ್ಪತ್ತು ಫೋಟೋಗಳನ್ನು ಜನ ನೋಡಲೇ ಇಲ್ಲ, ಮೊಬೈಲ್ ನೋಡುತ್ತಿದ್ದರು. ಆ ಇಪ್ಪತ್ತರಲ್ಲೇ ಈಗಿನವರು ಇದ್ದದ್ದು.

ಅದಾದ ಮೇಲೆ ನಮ್ಮ ಮೇಂಟೆನೆನ್ಸ್ ಸೂಪರ್‌ವೈಸರ್ ನಿವೃತ್ತರಾದಾಗ ಮಾತಾಡುವ ಹೊಣೆ ನನಗೆ ಬಂತು. ನಾನು ಮೊದಲು ಭಾಷಣ ಬರೆಯಲಿಲ್ಲ. ಎಲ್ಲ ಫೋಟೋಗಳನ್ನೂ ಚಿಕ್ಕದಾಗಿ ಒಂದೇ ಪರದೆಯ ಮೇಲೆ ಹರಡಿಕೊಂಡು ನೋಡುತ್ತಾ ಕೂತೆ. ಮತ್ತೆ ಮತ್ತೆ ಬರುವುದು ಏನು ಅಂತ ಹುಡುಕಿದೆ. ವರ್ಷ ಬದಲಾಗುತ್ತೆ, ತಲೆಗೂದಲು ಬದಲಾಗುತ್ತೆ, ಜೇಬಿನಲ್ಲಿ ಇರುವ ಪುಟ್ಟ ನೋಟ್‌ಬುಕ್ ಮಾತ್ರ ಹಾಗೇ ಇದೆ! ಅದೇ ನನ್ನ ಭಾಷಣ ಆಯಿತು. ನಾನು ಹೇಳಿದ್ದು ಇಷ್ಟೇ:

"ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿಗೆ ಸೇರುವ ಹೊತ್ತಿಗೆ ಸರ್ ಇಪ್ಪತ್ತು ವರ್ಷ ಮುಗಿಸಿದ್ದರು. ಹಾಗಾಗಿ ಈಗ ಬರುವ ಫೋಟೋಗಳಲ್ಲಿ ಅರ್ಧದಷ್ಟು ನನಗೂ ಹೊಸವು. ಮೊದಲಿನವು ಹಳೇ ಶೆಡ್ಡಿನವು. ಆ ಶೆಡ್ ಈಗ ಇಲ್ಲ. ನಡುವೆ ಬರುವ ಎರಡು ಫೋಟೋಗಳಲ್ಲಿ ನಮ್ಮನ್ನು ಅಗಲಿದ ಗೆಳೆಯರೊಬ್ಬರು ಇದ್ದಾರೆ. ಸರ್ ಅವರನ್ನು ಕೇಳಿಯೇ ಇಟ್ಟಿದ್ದೇವೆ. ನಿಮ್ಮಲ್ಲಿ ಒಂದು ಕೋರಿಕೆ. ಪ್ರತಿ ಫೋಟೋದಲ್ಲೂ ಸರ್ ಅಂಗಿಯ ಜೇಬು ನೋಡಿ. ಅಲ್ಲೊಂದು ನೋಟ್‌ಬುಕ್ ಇರುತ್ತದೆ. ಯಾವ ಯಂತ್ರ ಎಂಥ ಸದ್ದು ಮಾಡಿತು, ಯಾವ ಬೇರಿಂಗ್ ಬದಲಾಯಿಸಿದರು ಎಲ್ಲ ಅದರಲ್ಲಿ ಬರೆಯುತ್ತಿದ್ದರು. ಕಂಪ್ಯೂಟರ್ ಬಂದ ಮೇಲೂ ನಾವು ಮೊದಲು ಕೇಳುತ್ತಿದ್ದದ್ದು ಆ ಪುಸ್ತಕವನ್ನೇ. ಸರ್, ಈ ಫೋಟೋಗಳು ನಿಮಗಾಗಿ. ಎಲ್ಲರೂ ಜೇಬು ನೋಡುತ್ತಾ ಇರಿ."

ಒಂದು ನಿಮಿಷದ ಮಾತು. ಕೊನೆಯ ವಾಕ್ಯ ಕೇಳಿದ ತಕ್ಷಣ ದೀಪ ಆರಿಸಿ ಶುರು ಮಾಡಬೇಕು ಅಂತ ಕಂಪ್ಯೂಟರ್ ಹತ್ತಿರ ಇದ್ದ ಹುಡುಗನಿಗೆ ಹೇಳಿಟ್ಟಿದ್ದೆ. ಆಮೇಲೆ ನಾನು ತುಟಿ ಬಿಚ್ಚಲಿಲ್ಲ. ಜನರೇ "ಇದೆ, ಇದೆ" ಅನ್ನುತ್ತಿದ್ದರು. ಒಂದು ಫೋಟೋದಲ್ಲಿ ಜೇಬು ಖಾಲಿ. "ಎಲ್ಲಿ ಸರ್?" ಅಂತ ಹಿಂದಿನ ಸಾಲಿನವರು ಕೂಗಿದರು. ಸರ್ ಕೂತಲ್ಲಿಂದಲೇ ಕೈ ಎತ್ತಿ ತೋರಿಸಿದರು. ಆ ಫೋಟೋದಲ್ಲಿ ಅದು ಅವರ ಕೈಯಲ್ಲಿತ್ತು.

ಮೂರೇ ವರ್ಷ ಅಂತ ಚಿಂತೆ ಬೇಡ. ಅದನ್ನೇ ಮೊದಲು ಹೇಳಿಬಿಡಿ. ಭಾಷಣ ಬರೆದ ಮೇಲೆ ಒಂದೊಂದು ವಾಕ್ಯಕ್ಕೂ ಕೇಳಿಕೊಳ್ಳಿ: ಇದನ್ನು ಫೋಟೋ ತಾನೇ ತೋರಿಸುತ್ತಾ? ತೋರಿಸಿದರೆ ಆ ವಾಕ್ಯ ಹೊಡೆದು ಹಾಕಿ. ಫೋಟೋ ತೋರಿಸಲಾಗದ್ದನ್ನು ಮಾತ್ರ ಉಳಿಸಿ.

ಗಣಿತ ಮೇಷ್ಟ್ರು: ಮೇಡಂ, ಅರ್ಧ ಗಂಟೆ ಎಳೆದವರು ನಾನಲ್ಲ. ನಿಮ್ಮಲ್ಲಿ ಯಾರೋ ಎಳೆದರು ಅಂತ ನನ್ನ ಮೇಲೆ ಕೋಪ ಯಾಕೆ? ನಿಮ್ಮ ಸಭೆಯಲ್ಲಿ ಇದ್ದವರಿಗೆಲ್ಲ ಆ ಸರ್ ಗೊತ್ತಿದ್ದರು. ನಮ್ಮಲ್ಲಿ ಅರ್ಧಕ್ಕರ್ಧ ಹೊಸಬರು. ಹಳೇ ಗುಂಪು ಫೋಟೋದಲ್ಲಿ ಮೂವತ್ತು ತಲೆ. ಆರು ಸೆಕೆಂಡಿನಲ್ಲಿ ಯಾರನ್ನು ಹುಡುಕುತ್ತಾರೆ ಹೇಳಿ?

ರಾತ್ರಿ ಪಾಳಿ: ನೀವಿಬ್ಬರೂ ಮಾತಿನ ಬಗ್ಗೆ ಜಗಳ ಆಡುತ್ತಿದ್ದೀರಿ. ನನ್ನ ಮಾತು ಚೆನ್ನಾಗಿಯೇ ಇತ್ತು, ಹಾಳಾದದ್ದು ಪರದೆಯಿಂದ. ನಾನು ಮೈಕ್ ಮುಂದೆ ನಿಲ್ಲುವ ಮೊದಲೇ ಹಾಲ್‌ನವನು ಮೊದಲ ಫೋಟೋ ಹಾಕಿಬಿಟ್ಟಿದ್ದ. ಜನರೆಲ್ಲ ಅದನ್ನೇ ನೋಡುತ್ತಿದ್ದಾರೆ, ನನ್ನ ಮಾತು ಯಾರ ಕಿವಿಗೆ ಬೀಳುತ್ತೆ? ಪವರ್‌ಪಾಯಿಂಟ್ ಶೋ ಓಡುವಾಗ B ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ B ಒತ್ತಿದರೆ ಬರುತ್ತದೆ. ಅದು ಅವನಿಗೆ ಗೊತ್ತಿರಲಿಲ್ಲ. ಮೊದಲ ಸ್ಲೈಡನ್ನೇ ಪೂರ್ತಿ ಕಪ್ಪು ಇಟ್ಟು, ಅದು ತಾನಾಗಿ ಮುಂದೆ ಹೋಗದ ಹಾಗೆ ಮಾಡಿ. ಆಗ ಯಾರು ಏನು ಒತ್ತಿದರೂ ನಿಮಗೆ ಸ್ವಲ್ಪ ಟೈಮ್ ಸಿಗುತ್ತದೆ.

ಇನ್ನೊಂದು ಊರಗಲದ ಕಥೆ. ಸೇರಿದ ವರ್ಷದಿಂದ ಶುರುಮಾಡಿ ಇವತ್ತಿನವರೆಗೆ ನೋಡೋಣ ಅಂತ ನಾನು ಹೇಳಿ ಮುಗಿಸಿದೆ. ಮೊದಲು ಬಂದದ್ದು ಹೋದ ವರ್ಷದ ಫೋಟೋ! ಜೋಡಿಸಿದವರು ತಾರೀಖಿನ ಪ್ರಕಾರ ಹಾಕಿದ್ದರು. ಹಳೇ ಫೋಟೋಗಳನ್ನು ಮೊನ್ನೆ ಸ್ಕ್ಯಾನ್ ಮಾಡಿದ್ದಲ್ವಾ, ಫೈಲಿಗೆ ಮೊನ್ನೆಯ ತಾರೀಖು. ಹಾಗಾಗಿ ಅತಿ ಹಳೆಯವು ಕೊನೆಗೆ ಹೋದವು. ಇನ್ನು 1, 2, 10 ಅಂತ ಹೆಸರಿಟ್ಟರೂ ಕೆಲವು ಟಿವಿಗಳಲ್ಲಿ ಪೆನ್‌ಡ್ರೈವ್ ಹಾಕಿದರೆ 1 ಆದ ಮೇಲೆ 10 ಬರುತ್ತದೆ. `001.jpg`, `002.jpg` ಅಂತಲೇ ಇಡಿ.

ಕನ್ನಡದಲ್ಲಿ ಬರೆದ ಹೆಸರುಗಳ ಕಥೆಯಂತೂ ಕೇಳಬೇಡಿ. ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಹಾಲ್ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಸರ್ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅವರ ಮನೆಯವರೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದರು. ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಎಲ್ಲವನ್ನೂ ವಿಡಿಯೋ ಮಾಡಿ ಸೇವ್ ಮಾಡಿಕೊಂಡರೆ ಫಾಂಟ್ ಕಾಟವೂ ಇಲ್ಲ, ಕ್ರಮವೂ ತಪ್ಪುವುದಿಲ್ಲ.

ಆಲ್ಬಮ್ ಪ್ರಿಯ: ವಿಡಿಯೋ ಮಾಡಿದರೆ ಮಧ್ಯೆ ಯಾವ ಫೋಟೋದ ಮೇಲೂ ಸ್ವಲ್ಪ ಹೊತ್ತು ನಿಲ್ಲಲು ಕಷ್ಟ. ಮತ್ತೆ ಫೋಟೋವನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡಿದ್ದರೆ ದೊಡ್ಡ ಪರದೆಯಲ್ಲಿ ಮುಖ ಮಸುಕಾಗಿ ಕಾಣುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿ, ಆಗ ಕುಗ್ಗುವುದಿಲ್ಲ. ನಾನು ಎಲ್ಲವನ್ನೂ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿ ಬರುವ ಹಾಗೆ, ಸ್ಕ್ಯಾನ್ ಮಾಡಿದೆ. ಅದಕ್ಕಿಂತ ಕಡಿಮೆ ಮಾಡುವವರಿಗೆ ಹಿರಿಯರ ಮೇಲೆ ಪ್ರೀತಿ ಇಲ್ಲ ಅಂತಲೇ ನನ್ನ ಭಾವನೆ.

ರಾತ್ರಿ ಪಾಳಿ: ಪ್ರೀತಿಗೂ ಡಿಪಿಐಗೂ ಏನು ಸಂಬಂಧ? ಮೂರೂವರೆ ಇಂಚು ಅಗಲ, ಐದು ಇಂಚು ಉದ್ದದ ಫೋಟೋವನ್ನು 300ರಲ್ಲಿ ಸ್ಕ್ಯಾನ್ ಮಾಡಿದರೂ 1050 ಗುಣಿಸು 1500 ಚುಕ್ಕಿ ಸಿಗುತ್ತದೆ. ಸಾಮಾನ್ಯ ಪ್ರೊಜೆಕ್ಟರಿಗೆ ಅದು ಸಾಕು. ಗುಂಪು ಫೋಟೋದಿಂದ ಒಂದು ಮುಖ ಕತ್ತರಿಸಿ ದೊಡ್ಡದು ಮಾಡಬೇಕು ಅಂದರೆ ಮಾತ್ರ 600 ಬೇಕು. ಸುಮ್ನೆ ಎಲ್ಲರನ್ನೂ ಹೆದರಿಸಬೇಡಿ.

ಸ್ಟೋರ್ಸ್ ಮೇಡಂ: ಇದೇ ಮೇಷ್ಟ್ರ ಪ್ರಶ್ನೆಗೂ ಉತ್ತರ. ಮೂವತ್ತು ತಲೆಯ ಫೋಟೋ ಮೊದಲು, ಅದರಿಂದ ಕತ್ತರಿಸಿದ ಮುಖ ಮುಂದಿನ ಸ್ಲೈಡ್. ಮಾತೇ ಬೇಡ.

ನಿವೃತ್ತ ಲೆಕ್ಕಿಗ: ನಾನು ಹೋದ ವರ್ಷ ನಿವೃತ್ತನಾದೆ. ನನ್ನ ಅಭಿಪ್ರಾಯದಲ್ಲಿ ನೀವು ಜಾಸ್ತಿ ಮಾತಾಡಬಾರದು. ಎಲ್ಲರಿಗೂ ಕೃತಜ್ಞತೆ ಹೇಳಿ, ಮನೆಯವರನ್ನು ನೆನೆಸಿ, ಕೂತುಬಿಡಿ. ನಾನೂ ಹಾಗೇ ಮಾಡಬೇಕು ಅಂತ ಬರೆದುಕೊಂಡು ಹೋಗಿದ್ದೆ.

ಆದರೆ ಆ ಫೋಟೋಗಳು ನನ್ನನ್ನು ಹಿಡಿದು ಅಲ್ಲಾಡಿಸಿಬಿಟ್ಟವು. ನನ್ನ ಜೊತೆ ಒಂದೇ ದಿನ ಕೆಲಸಕ್ಕೆ ಸೇರಿದ ಗೆಳೆಯ ಇದ್ದ. ಕೆಲಸದಲ್ಲಿ ಇರುವಾಗಲೇ ತೀರಿಹೋದ. ಅವನು ನಗುತ್ತಿರುವ ಫೋಟೋ ದಿಢೀರ್ ಅಂತ ಬಂತು, ಹಿಂದೆ ಜೋರು ಹಾಡು. ಅವನ ಹೆಂಡತಿ ಸಭೆಯಲ್ಲೇ ಇದ್ದರು. ಯಾರೂ ಒಂದು ಮಾತು ಮುಂಚೆ ಹೇಳಿರಲಿಲ್ಲ. ಸರ್‌ಪ್ರೈಸ್ ಇರಲಿ ಅಂತ ನನಗೂ ತೋರಿಸಿರಲಿಲ್ಲ. ಅವರು ಎದ್ದು ಹೊರಗೆ ಹೋದರು. ನಾನು ವೇದಿಕೆ ಬಿಟ್ಟು ಹಿಂದೆ ಹೋಗಲೂ ಆಗಲಿಲ್ಲ.

ಆಲ್ಬಮ್ ಪ್ರಿಯ: ಯಜಮಾನರೇ, ಅವರು ಕೇಳಿದ್ದು ನಿವೃತ್ತರ ಭಾಷಣ ಅಲ್ಲ, ಫೋಟೋಗೆ ಮುಂಚಿನ ಮಾತು. ಮತ್ತೆ ಮೊದಲೇ ತೋರಿಸಿದರೆ ಮಜಾ ಏನು ಉಳಿಯುತ್ತದೆ? ಅವರ ಮುಖದಲ್ಲಿ ಬರುವ ಆಶ್ಚರ್ಯ ನೋಡಲಿಕ್ಕೆ ತಾನೇ ಇಷ್ಟು ಕಷ್ಟಪಡುವುದು?

ನಿವೃತ್ತ ಲೆಕ್ಕಿಗ: ಆಶ್ಚರ್ಯ ನಿಮಗೆ ಬೇಕಾಗಿತ್ತು, ನನಗೆ ಬೇಕಾಗಿರಲಿಲ್ಲ. ಇನ್ನೊಂದು ಫೋಟೋದಲ್ಲಿ ನನ್ನ ಬಡ್ತಿ ತಡೆದ ಮೇಲಧಿಕಾರಿ ನನ್ನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದರು. ಆ ಒಂದನ್ನು ತೆಗೆಯಿರಿ ಅಂತ ಹೇಳಲು ಅವಕಾಶ ಕೊಟ್ಟಿದ್ದರೆ ಸಾಕಿತ್ತು. ಯಾರಿಗೆ ಯಾರ ಮೇಲೆ ಎಂಥ ನೋವಿದೆ ಅಂತ ಫೋಟೋ ಜೋಡಿಸುವವರಿಗೆ ಹೇಗೆ ಗೊತ್ತಾಗಬೇಕು?

ರಾತ್ರಿ ಪಾಳಿ: ಎಲ್ಲವನ್ನೂ ತೋರಿಸುವುದು ಬೇಡ. ಅವರ ಹೆಂಡತಿಗೋ ಮಕ್ಕಳಿಗೋ ತೋರಿಸಿದರೆ ಸಾಕಲ್ವಾ?

ನಿವೃತ್ತ ಲೆಕ್ಕಿಗ: ಆಫೀಸಿನ ಜಗಳ ನಾನು ಮನೆಗೆ ಒಯ್ದವನಲ್ಲ. ನನ್ನ ಮಗಳಿಗೆ ತೋರಿಸಿದ್ದರೆ ಆ ಫೋಟೋ ಚೆನ್ನಾಗಿದೆ ಅಂತಲೇ ಹೇಳುತ್ತಿದ್ದಳು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಫೋಟೋಗಳನ್ನು ಹರಡಿಕೊಂಡು ನೋಡಿದೆ. ನಮ್ಮವರ ವಿಷಯದಲ್ಲಿ ನೋಟ್‌ಬುಕ್ಕಿನಂಥದ್ದು ಯಾವುದೂ ಕಾಣಲಿಲ್ಲ. ಆದರೆ ಗುಂಪು ಫೋಟೋಗಳಲ್ಲಿ ಹೆಚ್ಚಿನವುಗಳಲ್ಲಿ ಅವರು ಸಾಲಿನ ತುದಿಯಲ್ಲಿ ಇದ್ದಾರೆ, ಕೆಲವದರಲ್ಲಿ ಅರ್ಧ ಮುಖ ಮಾತ್ರ. ಇದನ್ನು ಹೇಳಬಹುದಾ?

ಸ್ಟೋರ್ಸ್ ಮೇಡಂ: ಯಾಕೆ ತುದಿಯಲ್ಲಿ ನಿಲ್ಲುತ್ತಿದ್ದರು ಅಂತ ಹಳಬರನ್ನು ಕೇಳಿ. ಎಲ್ಲರನ್ನೂ ಕರೆದು ನಿಲ್ಲಿಸಿ ಕೊನೆಗೆ ತಾವು ಬಂದು ಸೇರುತ್ತಿದ್ದರೆ ಅದಕ್ಕಿಂತ ಒಳ್ಳೆಯ ವಿಷಯ ಬೇಕಾ? ಬರೀ ನಾಚಿಕೆಯಿಂದ ಅಂತಾದರೆ ಬಿಟ್ಟುಬಿಡಿ. ಎಲ್ಲರ ಮುಂದೆ ಅವರನ್ನು ಮುಜುಗರಕ್ಕೆ ಸಿಲುಕಿಸಿದಂತೆ ಆಗುತ್ತದೆ.

ಗಣಿತ ಮೇಷ್ಟ್ರು: ನೋಡಿದಿರಾ, ಈಗ ಮೇಡಂ ಕೂಡ ಹಳಬರನ್ನು ಕೇಳಿ ಅನ್ನುತ್ತಿದ್ದಾರೆ. ನಾನು ಮನೆ ಮನೆ ತಿರುಗಿದ್ದು ಅದಕ್ಕೇ.

ಸ್ಟೋರ್ಸ್ ಮೇಡಂ: ಕೇಳಬೇಡಿ ಅಂತ ನಾನು ಎಲ್ಲಿ ಹೇಳಿದೆ? ಕೇಳಿದ್ದನ್ನೆಲ್ಲ ಮೈಕ್‌ನಲ್ಲಿ ಸುರಿಯಬೇಡಿ ಅಂದೆ, ಅಷ್ಟೇ.

ನಿವೃತ್ತ ಲೆಕ್ಕಿಗ: ಇನ್ನೊಂದು ಮಾತು ಹೇಳಲೇಬೇಕು. ಫೋಟೋ ಮುಗಿದು ದೀಪ ಹತ್ತಿದ ಕೂಡಲೇ ನನ್ನ ಕೈಗೆ ಮೈಕ್ ಕೊಟ್ಟರು. ಗಂಟಲು ಕಟ್ಟಿತ್ತು, ಬರೆದುಕೊಂಡು ಹೋಗಿದ್ದು ಒಂದಕ್ಷರ ಓದಲಾಗಲಿಲ್ಲ. ಮಧ್ಯೆ ಬೇರೆ ಯಾರಾದರೂ ಐದು ನಿಮಿಷ ಮಾತಾಡುವ ಹಾಗೆ ಇಟ್ಟುಕೊಳ್ಳಿ.

ಗಣಿತ ಮೇಷ್ಟ್ರು: ಆ ಐದು ನಿಮಿಷದಲ್ಲಿ ಗುಂಪು ಫೋಟೋದ ಹೆಸರುಗಳನ್ನು ಹೇಳಬಹುದು. ಮೇಡಂ ಒಪ್ಪಲಿ ಬಿಡಲಿ, ನಾನಂತೂ ಮುಂದಿನ ಸಲ ಹಾಗೇ ಮಾಡುತ್ತೇನೆ.